ಸಿಂಗಲ್ ಬ್ಲೈಂಡ್, ಡಬಲ್ ಬ್ಲೈಂಡ್, ಓಪನ್: ಮೂರು ಬಗೆಯ ಪೀರ್ ರಿವ್ಯೂ ವಿಮರ್ಶಕರಿಂದ ಏನೇನು ಕೇಳುತ್ತದೆ

ಜರ್ನಲ್‌ನಿಂದ ವಿಮರ್ಶೆಗೆ ಆಹ್ವಾನ ಬಂದಾಗ ಹೆಚ್ಚಿನವರು ಮೊದಲು ನೋಡುವುದು ಪ್ರಬಂಧದ ಶೀರ್ಷಿಕೆ, ಸಾರಾಂಶ ಮತ್ತು ಕೊಟ್ಟಿರುವ ಗಡುವು. ಇನ್ನೊಂದು ಸಂಗತಿ ಪತ್ರದ ಕೆಳಗೆಲ್ಲೋ ಒಂದೇ ಸಾಲಿನಲ್ಲಿರುತ್ತದೆ, ಕೆಲವೊಮ್ಮೆ ಜರ್ನಲ್‌ನ ನಿಯಮಗಳ ಪುಟದಲ್ಲಿ ಹುಡುಕಬೇಕಾಗುತ್ತದೆ: ಯಾರಿಗೆ ಯಾರ ಹೆಸರು ಗೊತ್ತಾಗುತ್ತದೆ ಎಂಬುದು. ಸಿಂಗಲ್ ಬ್ಲೈಂಡ್‌ನಲ್ಲಿ ಲೇಖಕರು ಯಾರೆಂದು ವಿಮರ್ಶಕರಿಗೆ ಗೊತ್ತು, ವಿಮರ್ಶಕರು ಯಾರೆಂದು ಲೇಖಕರಿಗೆ ಗೊತ್ತಿಲ್ಲ. ಡಬಲ್ ಬ್ಲೈಂಡ್‌ನಲ್ಲಿ ಇಬ್ಬರಿಗೂ ಗೊತ್ತಿಲ್ಲ, ಸಂಪಾದಕರಿಗೆ ಮಾತ್ರ ಗೊತ್ತು. ಓಪನ್ ಎಂದರೆ ಹೆಸರೋ, ವರದಿಯೋ, ಎರಡೂನೋ ಬಯಲಾಗುತ್ತದೆ. ಅದರಲ್ಲಿ ನಾನಾ ಬಗೆಗಳಿವೆ, ಮುಂದೆ ನೋಡೋಣ.

ಯಾವ ಪದ್ಧತಿ ಒಳ್ಳೆಯದು ಎಂಬ ಚರ್ಚೆ ಸಾಮಾನ್ಯವಾಗಿ ಲೇಖಕರಿಗೆ ಸಿಗುವ ನ್ಯಾಯದ ಕಡೆಯಿಂದ ನಡೆಯುತ್ತದೆ. ಇಲ್ಲಿ ವಿಮರ್ಶಕರ ಕುರ್ಚಿಯಲ್ಲಿ ಕುಳಿತು ನೋಡೋಣ. ಅದರಲ್ಲೂ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಾಲೇಜುಗಳಲ್ಲಿದ್ದುಕೊಂಡು ತಮ್ಮದೇ ನೆಲದ ವಿಷಯದಲ್ಲಿ ವಿಮರ್ಶೆ ಮಾಡುವವರ ಕಡೆಯಿಂದ. ಇಲ್ಲಿಯ ಅಂತರ್ಜಲ, ಫ್ಲೋರೈಡ್, ಕೆರೆಗಳ ಮೇಲೆ ಕೆಲಸ ಮಾಡುವವರ ಬಳಗ ಸಣ್ಣದು. ಇವತ್ತಿನ ಲೇಖಕರು ನಾಳೆ ವೈವಾಕ್ಕೆ ಹೊರ ಪರೀಕ್ಷಕರಾಗಿ ಬರುತ್ತಾರೆ, ನಾಳಿದ್ದು ಆಯ್ಕೆ ಸಮಿತಿಯಲ್ಲಿರುತ್ತಾರೆ. ಹೆಸರು ಮುಚ್ಚುವುದು, ತೆರೆಯುವುದು ಇಲ್ಲಿ ಬರೀ ನಿಯಮದ ಮಾತಲ್ಲ.

ಒಂದು ಕಲ್ಪಿತ ಪ್ರಬಂಧವನ್ನು ಕೈಗೆತ್ತಿಕೊಳ್ಳೋಣ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಹೀಗೆ ತುಂಬಿದ ಕೆರೆಗಳಿಂದ ಒಂದು ಕಿಲೋಮೀಟರ್ ಒಳಗಿನ 40 ಬೋರ್‌ವೆಲ್‌ಗಳ ನೀರನ್ನು ಪರೀಕ್ಷಿಸಿದ್ದೇವೆ ಎನ್ನುತ್ತಾರೆ ಲೇಖಕರು. ಕೆರೆ ತುಂಬುವ ಮೊದಲು ಫ್ಲೋರೈಡ್ ಸರಾಸರಿ ಲೀಟರಿಗೆ 2.1 ಮಿಲಿಗ್ರಾಂ, ತುಂಬಿದ ಮೇಲೆ 1.4. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಪ್ಪಬಹುದಾದ ಮಟ್ಟ 1.0, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಹಾಗಾಗಿ ಕೆರೆಯ ನೀರು ಫ್ಲೋರೈಡನ್ನು ಮಿತಿಯೊಳಗೆ ತಂದಿದೆ ಎಂಬುದು ಅವರ ತೀರ್ಮಾನ.

ಕೋಷ್ಟಕದ ಕೆಳಗಿನ ಸಣ್ಣಕ್ಷರದಲ್ಲಿ ತಿಂಗಳು ಬರೆದಿದೆ: ಮೊದಲ ಮಾದರಿ ಏಪ್ರಿಲ್, ಎರಡನೆಯದು ನವೆಂಬರ್. ಅಲ್ಲೇ ತೊಡಕು. ನಡುವೆ ಒಂದು ಮಳೆಗಾಲ ಕಳೆದಿದೆ. ಮಳೆಯ ನೀರು ಇಂಗಿದರೆ ಕೆರೆ ತುಂಬದಿದ್ದರೂ ಬೋರ್‌ವೆಲ್‌ನ ಫ್ಲೋರೈಡ್ ತೆಳುವಾಗಬಹುದು. ನೀರು ಬಾರದ ಕೆರೆಯ ಬಳಿಯ ಬೋರ್‌ವೆಲ್‌ಗಳನ್ನು ಅದೇ ತಿಂಗಳುಗಳಲ್ಲಿ ಅಳೆದಿಲ್ಲವಾದ್ದರಿಂದ ಇಳಿಕೆಯಲ್ಲಿ ಮಳೆಯ ಪಾಲೆಷ್ಟು, ಕೆರೆಯ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲ. ಬೋರ್‌ವೆಲ್‌ಗಳ ಆಳವನ್ನೂ ಕೊಟ್ಟಿಲ್ಲ. ಸಾವಿರ ಅಡಿಯ ಬೋರ್‌ವೆಲ್ಲನ್ನೂ ಮುನ್ನೂರು ಅಡಿಯದನ್ನೂ ಒಂದೇ ಸರಾಸರಿಗೆ ಸೇರಿಸಿದ್ದಾರೋ ಏನೋ ತಿಳಿಯುವುದಿಲ್ಲ. ಪದ್ಧತಿ ಯಾವುದಾದರೂ ವಿಮರ್ಶಕರು ಹಿಡಿಯಬೇಕಾದ ದೋಷ ಇದೇ. ಅದನ್ನು ಹಿಡಿಯಲು ಏನು ಅಡ್ಡ ಬರುತ್ತದೆ, ಹಿಡಿದ ಮೇಲೆ ಹೇಗೆ ಬರೆಯಬೇಕು ಎಂಬುದು ಮಾತ್ರ ಮೂರರಲ್ಲೂ ಬೇರೆ ಬೇರೆ.

ಸಿಂಗಲ್ ಬ್ಲೈಂಡ್: ಹೆಸರು ಕಣ್ಣೆದುರಿಗೇ ಇರುತ್ತದೆ

ಲೇಖಕರ ಪಟ್ಟಿಯಲ್ಲಿ ದೊಡ್ಡ ಸಂಸ್ಥೆಯ ಹೆಸರಿದ್ದರೆ ಏಪ್ರಿಲ್-ನವೆಂಬರ್ ವಿಷಯವನ್ನು "ಅವರು ನೋಡಿಕೊಂಡಿರುತ್ತಾರೆ" ಎಂದು ದಾಟಿಬಿಡುವ ಮನಸ್ಸಾಗುತ್ತದೆ. ಅದೇ ಪ್ರಬಂಧ ಯಾವುದೋ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನದಾದರೆ ಅದೇ ತಿಂಗಳುಗಳು ದೊಡ್ಡ ತಪ್ಪಾಗಿ ಕಾಣುತ್ತವೆ. ಇದು ಬರೀ ಅನುಮಾನವಲ್ಲ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅರ್ಥಶಾಸ್ತ್ರದ ಒಂದೇ ಪ್ರಬಂಧವನ್ನು ಐನೂರಕ್ಕೂ ಹೆಚ್ಚು ವಿಮರ್ಶಕರು ಓದಿದರು. ಅದನ್ನು ಬರೆದವರು ಇಬ್ಬರು: ಒಬ್ಬರು ನೊಬೆಲ್ ಪಡೆದ ವರ್ನನ್ ಸ್ಮಿತ್, ಇನ್ನೊಬ್ಬರು ಅಷ್ಟು ಪರಿಚಿತರಲ್ಲದ ಕಿರಿಯ ಸಂಶೋಧಕರು. ಸ್ಮಿತ್ ಹೆಸರು ಕಂಡವರಲ್ಲಿ 23% ಮಂದಿ ತಿರಸ್ಕರಿಸಿ ಎಂದರು. ಯಾವ ಹೆಸರೂ ಕಾಣದವರಲ್ಲಿ 48%. ಕಿರಿಯರ ಹೆಸರು ಮಾತ್ರ ಕಂಡವರಲ್ಲಿ 65%. ಅಕ್ಷರ ಅದೇ, ಅಂಕಿ ಅದೇ, ಬದಲಾದದ್ದು ಹೆಸರೊಂದೇ.

ಹಾಗಾಗಿ ಸಿಂಗಲ್ ಬ್ಲೈಂಡ್‌ನಲ್ಲಿ ಮೊದಲ ಕೆಲಸ ಓದುವ ಕ್ರಮವನ್ನು ತಾವೇ ಕಟ್ಟಿಕೊಳ್ಳುವುದು. ಆಹ್ವಾನ ಬಂದ ದಿನ ಹೆಸರುಗಳನ್ನು ಒಂದೇ ಉದ್ದೇಶಕ್ಕೆ ನೋಡಿ: ಹಿತಾಸಕ್ತಿಯ ಸಂಘರ್ಷವಿದೆಯೇ? ನಿಮ್ಮ ಗೈಡ್, ನಿಮ್ಮ ವಿದ್ಯಾರ್ಥಿ, ನಿಮ್ಮದೇ ಸಂಸ್ಥೆಯವರು, ಇತ್ತೀಚಿನ ವರ್ಷಗಳಲ್ಲಿ ಜೊತೆಗೆ ಪ್ರಬಂಧ ಬರೆದವರು, ಅದೇ ಅನುದಾನಕ್ಕೆ ನಿಮ್ಮೊಡನೆ ಪೈಪೋಟಿಯಲ್ಲಿರುವವರು ಇದ್ದರೆ ಅಂದೇ ಸಂಪಾದಕರಿಗೆ ತಿಳಿಸಿ. ಸಂಘರ್ಷವಿಲ್ಲವಾದರೆ ಮೊದಲ ಪುಟವನ್ನು ಬಿಟ್ಟು ಉಳಿದದ್ದನ್ನು ಪ್ರಿಂಟ್ ತೆಗೆದು, ವಿಧಾನದ ಭಾಗ ಮತ್ತು ಕೋಷ್ಟಕಗಳ ಬಗ್ಗೆ ಟಿಪ್ಪಣಿ ಬರೆದು ಮುಗಿಸಿ. ಚರ್ಚೆಯ ಭಾಗಕ್ಕೆ ಆಮೇಲೆ ಹೋಗಿ. ಹೆಸರನ್ನು ಮರೆಯಲಂತೂ ಆಗುವುದಿಲ್ಲ. ಆದರೆ ಹೆಸರು ನೆನಪಾಗುವ ಹೊತ್ತಿಗೆ "ಏಪ್ರಿಲ್, ನವೆಂಬರ್: ಹೋಲಿಕೆಗೆ ಬೇರೆ ಬೋರ್‌ವೆಲ್ ಇಲ್ಲ" ಎಂಬ ಸಾಲು ಕಾಗದದ ಮೇಲಿರುತ್ತದೆ.

ಎರಡನೆಯ ಕೆಲಸ ನಿಮ್ಮ ಹೆಸರನ್ನು ಕಾಯ್ದುಕೊಳ್ಳುವುದು. ಇದು ಜಾರುವುದು ಸಾಮಾನ್ಯವಾಗಿ ಕಡತದಲ್ಲಿ. ವರ್ಡ್‌ನಲ್ಲಿ ಕಾಮೆಂಟ್ ಹಾಕಿದರೆ ಪ್ರತಿ ಕಾಮೆಂಟಿನ ಪಕ್ಕದಲ್ಲೂ ನಿಮ್ಮ ಹೆಸರು ಕೂರುತ್ತದೆ, ಕಡತದ ಗುಣಗಳಲ್ಲೂ ಉಳಿಯುತ್ತದೆ. ಕಳಿಸುವ ಮೊದಲು File > Info > Check for Issues > Inspect Document ಗೆ ಹೋಗಿ, Inspect ಒತ್ತಿದ ಮೇಲೆ Document Properties and Personal Information ಎದುರಿನ Remove All ಒತ್ತಿ. ಪಿಡಿಎಫ್ ಆಗಿದ್ದರೆ ಅದರ ಗುಣಗಳಲ್ಲಿ ಲೇಖಕ ಎಂಬ ಜಾಗ ಖಾಲಿಯಿದೆಯೇ ನೋಡಿ, ಅಥವಾ ಹೀಗೆ ಪರೀಕ್ಷಿಸಿ:

```
exiftool -Author -Creator report.pdf
```

ಇದಕ್ಕಿಂತ ಸರಳ ದಾರಿಯೂ ಇದೆ. ಕಡತ ಲಗತ್ತಿಸಲೇಬೇಡಿ, ಪುಟ ಮತ್ತು ಸಾಲಿನ ಸಂಖ್ಯೆ ಕೊಟ್ಟು ಎಲ್ಲವನ್ನೂ ಜರ್ನಲ್‌ನ ಪೆಟ್ಟಿಗೆಯಲ್ಲೇ ಟೈಪ್ ಮಾಡಿ.

ಕಡತಕ್ಕಿಂತ ಹೆಚ್ಚು ಸುಳಿವು ಕೊಡುವುದು ಮಾತು. "ಲೇಖಕರು ಈ ಮೂರು ಪ್ರಬಂಧಗಳನ್ನು ಉಲ್ಲೇಖಿಸಬೇಕು" ಎಂದು ಮೂರೂ ನಿಮ್ಮವೇ ಆದ ಪ್ರಬಂಧಗಳನ್ನು ಕೊಟ್ಟರೆ ಯಾರು ಬರೆದದ್ದೆಂದು ಲೇಖಕರು ಹತ್ತು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಅದು ಸಾಲದೆಂಬಂತೆ ಅದು ನೀತಿಗೂ ತಪ್ಪು. ಹೆಸರು ಮುಚ್ಚಿಕೊಂಡು ಉಲ್ಲೇಖ ವಸೂಲು ಮಾಡಿದ ಹಾಗಾಗುತ್ತದೆ. ಸ್ಥಳೀಯ ತಿಳಿವಳಿಕೆಯೂ ಹೀಗೇ ನಿಮ್ಮ ಗುರುತು ಬಿಟ್ಟುಕೊಡುತ್ತದೆ. "ಆ ತಿಂಗಳು ಮಾಲೂರು ಕಡೆಯ ಕೆರೆಗೆ ನೀರೇ ಬಿಟ್ಟಿರಲಿಲ್ಲ" ಎಂದು ಬರೆದರೆ ಅದನ್ನು ಬಲ್ಲವರು ಎಷ್ಟು ಜನ? ಆ ತಿಳಿವಳಿಕೆಯನ್ನು ಬಿಡಬೇಕಿಲ್ಲ, ಪ್ರಶ್ನೆಯನ್ನಾಗಿ ತಿರುಗಿಸಿದರೆ ಸಾಕು: "ಪ್ರತಿ ಕೆರೆಗೂ ನೀರು ಮೊದಲು ತಲುಪಿದ ತಿಂಗಳು ಮತ್ತು ಮಾದರಿ ತೆಗೆದ ದಿನಾಂಕವನ್ನು ಒಂದೇ ಕೋಷ್ಟಕದಲ್ಲಿ ಕೊಡಿ." ಉತ್ತರ ಬಂದಾಗ ತಪ್ಪಿದ್ದರೆ ತಾನಾಗಿಯೇ ಹೊರಬೀಳುತ್ತದೆ. ಈ ಪ್ರಶ್ನೆಯನ್ನು ಮದ್ರಾಸಿನಲ್ಲೋ ಮ್ಯೂನಿಕ್‌ನಲ್ಲೋ ಕುಳಿತವರೂ ಕೇಳಬಹುದು.

ಡಬಲ್ ಬ್ಲೈಂಡ್: ಊಹೆಯನ್ನು ಹಿಡಿದಿಡುವ ಕೆಲಸ

ಹೆಸರಿನ ಸೆಳೆತವನ್ನು ಕಡಿಮೆ ಮಾಡುವುದರಲ್ಲಿ ಡಬಲ್ ಬ್ಲೈಂಡ್‌ನಿಂದ ನಿಜಕ್ಕೂ ಲಾಭವಿದೆ. ನೇಚರ್ ಬಳಗದ ಜರ್ನಲ್‌ಗಳು 2015ರಿಂದ ಇದನ್ನು ಲೇಖಕರ ಆಯ್ಕೆಗೆ ಬಿಟ್ಟವು; ಒಟ್ಟಾರೆ ಸುಮಾರು 12% ಪ್ರಬಂಧಗಳಷ್ಟೇ ಈ ದಾರಿ ಹಿಡಿದವು, ಆದರೆ ಭಾರತ ಮತ್ತು ಚೀನಾದ ಲೇಖಕರು ಉಳಿದವರಿಗಿಂತ ಹೆಚ್ಚಾಗಿ ಆರಿಸಿಕೊಂಡರು. ವಿಳಾಸ ನೋಡಿ ಅಳೆಯುತ್ತಾರೆಂಬ ಅಳುಕು ಎಲ್ಲಿದೆ ಎಂಬುದಕ್ಕೆ ಇದು ಸಾಕ್ಷಿ.

ವಿಮರ್ಶಕರಿಗೆ ಇಲ್ಲಿ ಎದುರಾಗುವುದು ಕುತೂಹಲ. ಕೋಲಾರದ ಕೆರೆಗಳು, 40 ಬೋರ್‌ವೆಲ್, ಫ್ಲೋರೈಡ್ ಎಂದ ಕೂಡಲೇ ಮನಸ್ಸು ಒಂದೆರಡು ಹೆಸರನ್ನು ಮುಂದಿಡುತ್ತದೆ. 2016ರ ಮೂರು ಸಾಫ್ಟ್‌ವೇರ್ ಸಮ್ಮೇಳನಗಳಲ್ಲಿ ವಿಮರ್ಶಕರಿಗೆ ಲೇಖಕರನ್ನು ಊಹಿಸಲು ಹೇಳಿ ನೋಡಿದಾಗ 74ರಿಂದ 90% ವಿಮರ್ಶೆಗಳಲ್ಲಿ ಸರಿಯಾದ ಊಹೆಯೇ ಇರಲಿಲ್ಲ. ಆದರೆ ಅದು ದೊಡ್ಡ ಬಳಗದ ಲೆಕ್ಕ. ಒಂದೇ ಜಿಲ್ಲೆಯ ನೀರಿನ ಮೇಲೆ ಕೆಲಸ ಮಾಡುವವರ ನಡುವೆ ಊಹೆ ಸರಿಯಾಗುವ ಸಾಧ್ಯತೆ ಹೆಚ್ಚು ಎಂದೇ ನಮ್ಮ ಎಣಿಕೆ. ತಪ್ಪಾದರೂ ಹಾನಿ ಕಡಿಮೆಯೇನಲ್ಲ. ನಿಮಗೆ ಆಗದವರದೆಂದು ಭಾವಿಸಿ ಬಿಗಿಯಾಗಿ ಬರೆದರೆ ಹೊಡೆತ ಬೀಳುವುದು ಯಾವ ಸಂಬಂಧವೂ ಇಲ್ಲದ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ.

ಆದ್ದರಿಂದ ಶೀರ್ಷಿಕೆಯನ್ನು ಗೂಗಲ್‌ಗೆ ಹಾಕಬೇಡಿ. ಪ್ರೀಪ್ರಿಂಟ್ ಇದ್ದರೆ ಮೊದಲ ಸಾಲಿನಲ್ಲೇ ಹೆಸರು ಸಿಗುತ್ತದೆ. ಹಿಂದಿನ ಕೆಲಸ ಹುಡುಕಬೇಕಾದರೆ, ನಕಲಿನ ಅನುಮಾನ ಬಂದು ತಡಕಬೇಕಾದರೆ, ಮೊದಲು ನಿಮ್ಮ ವರದಿಯ ಕರಡು ಮುಗಿಸಿ, ಆಮೇಲೆ ಹುಡುಕಿ. ಪ್ರಬಂಧದೊಳಗೇ ಸುಳಿವು ಉಳಿದಿರುವುದೂ ಉಂಟು: ಕೃತಜ್ಞತೆಯ ಸಾಲು, "ನಮ್ಮ ಹಿಂದಿನ ಅಧ್ಯಯನದಲ್ಲಿ" ಎಂಬ ಮಾತು, ಲೇಖಕರ ಹೆಸರೇ ಇರುವ ದತ್ತಾಂಶದ ಕೊಂಡಿ, ನಕ್ಷೆಯ ಮೂಲೆಯಲ್ಲಿ ವಿಭಾಗದ ಲಾಂಛನ. ಕಂಡರೆ ಓದುವುದನ್ನು ನಿಲ್ಲಿಸಿ ಸಂಪಾದಕರಿಗೆ ತಿಳಿಸಿ. ಅವರು ಸರಿಪಡಿಸಿದ ಪ್ರತಿ ತರಿಸಬಹುದು, ಇಲ್ಲವೇ ಮುಂದುವರಿಯಿರಿ ಎನ್ನಬಹುದು. ನಿರ್ಧಾರ ಅವರದು.

ಈ ಪದ್ಧತಿಯ ನಿಜವಾದ ಕಷ್ಟ ಹಿತಾಸಕ್ತಿಯ ಸಂಘರ್ಷ. ಹೆಸರೇ ಗೊತ್ತಿಲ್ಲದಿದ್ದರೆ ಸಂಘರ್ಷವಿದೆಯೋ ಇಲ್ಲವೋ ಹೇಳುವುದು ಹೇಗೆ? ಸಂಪಾದಕರು ನೋಡಿಕೊಳ್ಳುತ್ತಾರೆ ನಿಜ, ಆದರೆ ನಿಮ್ಮ ಗೈಡ್ ಯಾರು, ಯಾರೊಡನೆ ಯಾವ ಯೋಜನೆಯಲ್ಲಿದ್ದೀರಿ ಎಂಬುದೆಲ್ಲ ಅವರಿಗೆ ತಿಳಿದಿರುವುದಿಲ್ಲ. ಹಾಗಾಗಿ ಆಹ್ವಾನಕ್ಕೆ ಒಪ್ಪುವಾಗಲೇ ಎರಡು ಸಾಲು ಬರೆದುಬಿಡಿ: "ಕೋಲಾರ ಜಿಲ್ಲೆಯ ನೀರಿನ ಮೇಲೆ ಇಂಥಿಂಥವರೊಡನೆ ನಾನು ಕೆಲಸ ಮಾಡಿದ್ದೇನೆ. ಲೇಖಕರು ಇವರಲ್ಲಿ ಯಾರಾದರೂ ಆಗಿದ್ದರೆ ನನ್ನನ್ನು ಬಿಟ್ಟುಬಿಡಿ. ಹೌದೋ ಅಲ್ಲವೋ ಎಂದು ಹೇಳುವ ಅಗತ್ಯವಿಲ್ಲ." ಕೊನೆಯ ಮಾತು ಮುಖ್ಯ. ಸಂಪಾದಕರು ಹೌದು, ಅಲ್ಲ ಎಂದು ಉತ್ತರಿಸಿದರೆ ಮುಚ್ಚಿದ್ದು ಅಲ್ಲಿಗೇ ತೆರೆದ ಹಾಗೆ.

ಪ್ರಶ್ನೆ ಕೇಳುವ ಬಗೆಯೂ ಬದಲಾಗಬೇಕು. "ಫ್ಲೋರೈಡನ್ನು ಯಾವ ಪ್ರಯೋಗಾಲಯದಲ್ಲಿ ಅಳೆದಿರಿ?" ಎಂದು ಕೇಳಿದರೆ ಉತ್ತರದಲ್ಲೇ ವಿಳಾಸ ಬರುತ್ತದೆ. ನಿಮಗೆ ಬೇಕಿರುವುದು ವಿಳಾಸವಲ್ಲ, ಅಳತೆ ನಂಬಬಹುದೇ ಎಂಬುದು. ಯಾವ ಉಪಕರಣ, ಯಾವ ದ್ರಾವಣಗಳಿಂದ ಕ್ಯಾಲಿಬ್ರೇಟ್ ಮಾಡಿದ್ದು, ಎಷ್ಟು ಮಾದರಿಗಳನ್ನು ಎರಡೆರಡು ಸಲ ಅಳೆದಿದ್ದಾರೆ, ಎರಡು ಓದುಗಳ ನಡುವಿನ ಅಂತರ ಎಷ್ಟು ಎಂದು ಕೇಳಿ. ಪ್ರಯೋಗಾಲಯದ ಮಾನ್ಯತೆ, ನೈತಿಕ ಸಮಿತಿಯ ಒಪ್ಪಿಗೆ ಇಂಥವನ್ನು ಪರಿಶೀಲಿಸುವಂತೆ ಸಂಪಾದಕರಿಗೆ ಮಾತ್ರ ಕಾಣುವ ಪೆಟ್ಟಿಗೆಯಲ್ಲಿ ಬರೆಯಿರಿ.

ಓಪನ್: ಮೊದಲು ಏನು ತೆರೆದಿದೆ ಎಂದು ಕೇಳಿ

ಓಪನ್ ಪೀರ್ ರಿವ್ಯೂ ಎಂಬ ಹೆಸರಿನಡಿ ಏನೇನೋ ಬರುತ್ತದೆ. 2017ರಲ್ಲಿ ಒಂದು ಅಧ್ಯಯನ ಲೆಕ್ಕ ಹಾಕಿದಾಗ 122 ಬೇರೆ ಬೇರೆ ವಿವರಣೆಗಳು ಸಿಕ್ಕವು. ದಿ ಇಎಂಬಿಒ ಜರ್ನಲ್ 2009ರಿಂದ ವರದಿಗಳನ್ನು ಪ್ರಕಟಿಸುತ್ತದೆ, ಅಲ್ಲಿ ವಿಮರ್ಶಕರ ಹೆಸರು ಗುಪ್ತ. ಬಿಎಂಜೆ 1999ರಿಂದಲೇ ವಿಮರ್ಶಕರ ಹೆಸರನ್ನು ಲೇಖಕರಿಗೆ ತಿಳಿಸುತ್ತಿದೆ. ಎಫ್‌1000ರಿಸರ್ಚ್‌ನಲ್ಲಿ ಪ್ರಬಂಧ ಮೊದಲೇ ಪ್ರಕಟವಾಗುತ್ತದೆ, ಆಮೇಲೆ ಸಹಿ ಹಾಕಿದ ವಿಮರ್ಶೆಗಳು ಅದರ ಕೆಳಗೇ ಸೇರುತ್ತವೆ. ನೀರಿನ ವಿಷಯದವರಿಗೆ ಪರಿಚಿತವಾದ ಹೈಡ್ರಾಲಜಿ ಅಂಡ್ ಅರ್ಥ್ ಸಿಸ್ಟಮ್ ಸೈನ್ಸಸ್‌ನಲ್ಲಿ ವಿಮರ್ಶೆ ಎಲ್ಲರೂ ಓದುವಂತೆ ನಡೆಯುತ್ತದೆ, ಆದರೆ ವಿಮರ್ಶಕರು ಬೇಕಿದ್ದರೆ ಹೆಸರು ಹೇಳದೆ ಇರಬಹುದು. ನೇಚರ್ 2025ರ ಜೂನ್‌ನಿಂದ ಹೊಸದಾಗಿ ಬಂದು ಪ್ರಕಟವಾಗುವ ಸಂಶೋಧನಾ ಪ್ರಬಂಧಗಳ ಜೊತೆ ವರದಿಗಳನ್ನೂ ಹಾಕುತ್ತದೆ. ಹೆಸರು ವಿಮರ್ಶಕರ ಇಷ್ಟಕ್ಕೆ ಬಿಟ್ಟದ್ದು.

ಆದ್ದರಿಂದ ಒಪ್ಪುವ ಮೊದಲು ಮೂರು ಪ್ರಶ್ನೆಗೆ ಉತ್ತರ ಗೊತ್ತಿರಲಿ. ನನ್ನ ಹೆಸರು ಲೇಖಕರಿಗೆ ತಿಳಿಯುತ್ತದೆಯೇ? ನನ್ನ ವರದಿಯನ್ನು ಎಲ್ಲರೂ ಓದಬಹುದೇ? ಪ್ರಬಂಧ ತಿರಸ್ಕೃತವಾದರೆ ವರದಿ ಏನಾಗುತ್ತದೆ? ಮೂರನೆಯದನ್ನು ಬಹಳಷ್ಟು ಮಂದಿ ಕೇಳುವುದೇ ಇಲ್ಲ. ಪ್ರಕಟವಾದ ಪ್ರಬಂಧದ ಜೊತೆಗಷ್ಟೇ ವರದಿ ಹೊರಬಂದರೆ "ಕೋಲಾರದ ತೀರ್ಮಾನ ನಿಲ್ಲುವುದಿಲ್ಲ" ಎಂಬ ಬಿಗಿ ಮಾತು ಜಗತ್ತಿಗೆ ಕಾಣದೆ ಹೋಗಬಹುದು. ಮೊದಲೇ ಪ್ರಕಟಿಸುವ ಪದ್ಧತಿಯಲ್ಲಿ ಅದು ಉಳಿದೇ ಉಳಿಯುತ್ತದೆ.

ಹೆಸರು ತೆರೆದರೆ ವಿಮರ್ಶೆಯ ಗುಣಮಟ್ಟ ಏರುತ್ತದೆ ಎಂದು ಹಲವರು ನಂಬುತ್ತಾರೆ. ಬಿಎಂಜೆ ಇದನ್ನು ಎರಡು ಸಲ ಪ್ರಯೋಗ ಮಾಡಿ ನೋಡಿತು. 1999ರಲ್ಲಿ ಹೆಸರು ಲೇಖಕರಿಗೆ ತಿಳಿಯುತ್ತದೆ ಎಂದಾಗ ಗುಣಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ವಿಮರ್ಶೆಗೆ ಒಲ್ಲೆ ಎನ್ನುವವರು ಹೆಚ್ಚಾದರು. 2010ರಲ್ಲಿ ವರದಿ ಜಾಲತಾಣದಲ್ಲಿ ಬರಬಹುದು ಎಂದಾಗಲೂ ಗುಣಮಟ್ಟ ಅಷ್ಟೇ, ಬರೆಯಲು ಹಿಡಿದ ಸಮಯ ಮಾತ್ರ ಸರಾಸರಿ 25 ನಿಮಿಷದಷ್ಟು ಹೆಚ್ಚಾಯಿತು. ಈ ಹೆಚ್ಚುವರಿ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಒಪ್ಪಿಕೊಳ್ಳಿ. ಅದು ಹೋಗುವುದು ಹೆಚ್ಚಾಗಿ ಮಾತಿನ ಆಯ್ಕೆಗೆ.

ಇಲ್ಲಿಯ ಅಪಾಯ ಮೃದುತನ. ಲೇಖಕರು ಹಿರಿಯರು, ನಿಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿಯಲ್ಲಿದ್ದಾರೆ, ಎದುರು ಸಿಕ್ಕರೆ ನೀವು ಸರ್ ಎಂದು ಕೈಮುಗಿಯುವಂಥವರು. ಆಗ ಏಪ್ರಿಲ್-ನವೆಂಬರ್ ದೋಷ ಹೀಗೆ ಹೊರಬರುತ್ತದೆ: "ಋತುಮಾನದ ಅಂಶವನ್ನೂ ಲೇಖಕರು ಚರ್ಚಿಸಿದರೆ ಪ್ರಬಂಧದ ಮೌಲ್ಯ ಇನ್ನಷ್ಟು ಹೆಚ್ಚುತ್ತದೆ." ಇದನ್ನು ಓದಿದ ಸಂಪಾದಕರಿಗೆ ಪ್ರಬಂಧದ ಬೆನ್ನೆಲುಬೇ ಮುರಿದಿದೆ ಎಂದು ತಿಳಿಯುವುದಿಲ್ಲ. ಲೇಖಕರು ಒಂದು ಪ್ಯಾರಾ ಸೇರಿಸುತ್ತಾರೆ, ತೀರ್ಮಾನ ಹಾಗೇ ಅಚ್ಚಾಗುತ್ತದೆ. ಗೌರವ ಬಿಡದೆ ನೇರವಾಗಿ ಹೀಗೆ ಬರೆಯಬಹುದು: "ಏಪ್ರಿಲ್‌ನ 2.1 ಮತ್ತು ನವೆಂಬರ್‌ನ 1.4ರ ನಡುವೆ ಮಳೆಗಾಲ ಬಂದಿದೆ. ನೀರು ಬಾರದ ಕೆರೆಗಳ ಬಳಿಯ ಬೋರ್‌ವೆಲ್‌ಗಳ ಅಂಕಿ ಇಲ್ಲದೆ ಈ ಇಳಿಕೆಯನ್ನು ಕೆರೆಯ ನೀರಿಗೆ ಸಲ್ಲಿಸಲಾಗದು. ಆ ಅಂಕಿಗಳನ್ನು, ಇಲ್ಲವೇ ಮರುವರ್ಷದ ಏಪ್ರಿಲ್ ಅಳತೆಯನ್ನು ಕೊಡುವವರೆಗೆ ಮುಖ್ಯ ತೀರ್ಮಾನವನ್ನು ನಾನು ಒಪ್ಪಲಾರೆ." ಲೇಖಕರ ಯೋಗ್ಯತೆಯ ಬಗ್ಗೆ ಇದರಲ್ಲಿ ಒಂದು ಅಕ್ಷರವೂ ಇಲ್ಲ. ಹಾಗೆಯೇ ನೀವು ನೋಡದ ಭಾಗವನ್ನೂ ಹೇಳಿಬಿಡಿ: ಸಂಖ್ಯಾಶಾಸ್ತ್ರದ ಮಾದರಿಯನ್ನು ಪರಿಶೀಲಿಸುವ ಪರಿಣತಿ ನನಗಿಲ್ಲ ಎಂಬ ಸಾಲು ನಿಮ್ಮ ಹೆಸರಿನ ಕೆಳಗೆ ಇದ್ದರೆ ಮುಂದೆ ಓದುವವರು ದಾರಿ ತಪ್ಪುವುದಿಲ್ಲ.

ಹೀಗೆ ಬರೆದು ಸಹಿ ಹಾಕಲು ನಿಮ್ಮ ಈಗಿನ ಸ್ಥಿತಿಯಲ್ಲಿ ಆಗದು ಎನಿಸಿದರೆ ಆಹ್ವಾನವನ್ನು ಬಿಡಿ, ಅದರಲ್ಲಿ ಅವಮಾನವಿಲ್ಲ. ಅತಿಥಿ ಉಪನ್ಯಾಸಕರಾಗಿದ್ದು ವರ್ಷವರ್ಷವೂ ನವೀಕರಣಕ್ಕೆ ಕಾಯುವವರು ತಮ್ಮದೇ ಜಿಲ್ಲೆಯ ಹಿರಿಯರ ಪ್ರಬಂಧಕ್ಕೆ ಸಹಿ ಹಾಕಿದ ವಿಮರ್ಶೆ ಬರೆಯಲೇಬೇಕೆಂದು ನಾವು ಹೇಳುವುದಿಲ್ಲ. ಮಾಡಬಾರದ್ದು ಒಂದೇ: ಬಹಿರಂಗ ವರದಿಯಲ್ಲಿ ಹೊಗಳಿ, Confidential Comments to the Editor ಪೆಟ್ಟಿಗೆಯಲ್ಲಿ ತಿರಸ್ಕರಿಸಿ ಎನ್ನುವುದು. ಸಂಪಾದಕರು ತಿರಸ್ಕರಿಸಿದರೆ ಲೇಖಕರ ಕೈಯಲ್ಲಿ ಹೊಗಳಿಕೆಯ ವರದಿ, ಕಾರಣ ಮಾತ್ರ ಎಲ್ಲೂ ಇಲ್ಲ.

ಯಾವುದಕ್ಕೆ ಒಪ್ಪಬೇಕು

ಪ್ರಬಂಧ ನಿಮ್ಮದೇ ಊರಿನ, ಸಣ್ಣ ಬಳಗದ ವಿಷಯವಾದರೆ ಡಬಲ್ ಬ್ಲೈಂಡ್‌ನ ಪರದೆ ತೆಳು. ನೌಕರಿ ಗಟ್ಟಿಯಿರುವವರಿಗೆ ಅಂಥಲ್ಲಿ ಓಪನ್ ಹೆಚ್ಚು ಪ್ರಾಮಾಣಿಕ ಎಂದು ನಮಗನ್ನಿಸುತ್ತದೆ, ಏಕೆಂದರೆ ಸ್ಥಳೀಯ ತಿಳಿವಳಿಕೆಯನ್ನು ಅಡಗಿಸದೆ ಪೂರ್ತಿ ಬಳಸಬಹುದು. ವೃತ್ತಿಯ ಆರಂಭದಲ್ಲಿರುವವರಿಗೆ ಸಿಂಗಲ್ ಬ್ಲೈಂಡ್ ಆಸರೆ, ಮೇಲೆ ಹೇಳಿದ ಓದಿನ ಕ್ರಮ ಪಾಲಿಸಿದರೆ. ವಿಷಯ ವಿಧಾನಕ್ಕೆ ಸಂಬಂಧಿಸಿದ್ದು, ಬಳಗ ದೊಡ್ಡದು ಎಂದಾದರೆ ಡಬಲ್ ಬ್ಲೈಂಡ್ ಚೆನ್ನಾಗಿ ನಡೆಯುತ್ತದೆ.

ನಮ್ಮ ಪ್ರಬಂಧ ತಿದ್ದುಪಡಿಯಾಗಿ ಎರಡನೇ ಸುತ್ತಿಗೆ ಬಂತು ಎನ್ನೋಣ. ಲೇಖಕರು ನೀರು ಬಾರದ ಕೆರೆಗಳ ಬಳಿಯ ಬೋರ್‌ವೆಲ್‌ಗಳ ಅಂಕಿ ತಂದಿದ್ದಾರೆ: ಏಪ್ರಿಲ್‌ನಲ್ಲಿ 2.0, ನವೆಂಬರ್‌ನಲ್ಲಿ 1.5. ತುಂಬಿದ ಕೆರೆಗಳ ಬಳಿ ಇಳಿಕೆ 0.7, ತುಂಬದ ಕಡೆಯೂ 0.5. ಕೆರೆಯ ನೀರಿಗೆ ಸಲ್ಲುವುದು ಹೆಚ್ಚೆಂದರೆ 0.2. ಮರುವರ್ಷದ ಏಪ್ರಿಲ್‌ನಲ್ಲಿ ತುಂಬಿದ ಕೆರೆಗಳ ಬಳಿ 1.9, ಅಂದರೆ ಇಲ್ಲೂ ಇಳಿಕೆ 0.2ರಷ್ಟೇ, 1.5ರ ಮಿತಿಗಿಂತ ಮತ್ತೆ ಮೇಲೆ. ಎರಡೆರಡು ಸಲ ಅಳೆದ ಮಾದರಿಗಳಲ್ಲೇ 0.1ರಷ್ಟು ಏರುಪೇರಿದೆ. ಈಗ ವಿಮರ್ಶಕರು ಕೇಳಬೇಕಾದ್ದು ತೀರ್ಮಾನದಲ್ಲಿರುವ "ಮಿತಿಯೊಳಗೆ ತಂದಿದೆ" ಎಂಬ ಮಾತನ್ನು ತೆಗೆಯಿರಿ ಎಂದು. ಸಿಂಗಲ್ ಬ್ಲೈಂಡ್‌ನಲ್ಲಾದರೆ ದೊಡ್ಡ ಹೆಸರಿಗೆ ಮಣಿಯದೆ, ಡಬಲ್ ಬ್ಲೈಂಡ್‌ನಲ್ಲಾದರೆ ಈ ಹೊಸ ಬೋರ್‌ವೆಲ್‌ಗಳು ಯಾರ ಹಳೆಯ ಯೋಜನೆಯವು ಎಂದು ತಡಕದೆ, ಓಪನ್‌ನಲ್ಲಾದರೆ ಲೆಕ್ಕವನ್ನು ವರದಿಯಲ್ಲೇ ಬಿಡಿಸಿ ಬರೆದು, ಕೆಳಗೆ ಹೆಸರು ಹಾಕಿ.